ದೂರುವ ಉತ್ತರವನ್ನು ತಿದ್ದುವುದು: ಆಫ್‌ಲೈನ್ ಆದ ಪ್ರಿಂಟರಿನ ಒಂದು ಪ್ರಕರಣ

ತಾಂತ್ರಿಕ ಸಹಾಯ ಕೇಳಿ ಬಂದ ಪತ್ರಕ್ಕೆ ಬರೆದ ಉತ್ತರ ಬಳಕೆದಾರರನ್ನೇ ದೂರುವಂತಿದ್ದರೆ, ಅದನ್ನು ತಿದ್ದಲು ಕುಳಿತವರು ಹೆಚ್ಚಾಗಿ ಒರಟು ಪದಗಳನ್ನು ತೆಗೆದು, ಆರಂಭಕ್ಕೆ ಒಂದು ‘ದಯವಿಟ್ಟು’, ಕೊನೆಗೆ ಒಂದು ‘ಕ್ಷಮಿಸಿ’ ಸೇರಿಸಿ ಕಳಿಸಿಬಿಡುತ್ತಾರೆ. ಹೀಗೆ ತಿದ್ದಿದ ಉತ್ತರಗಳನ್ನು ಬಹಳ ಕಾಲದಿಂದ ಪರಿಶೀಲಿಸುತ್ತ ಬಂದಿರುವ ನನಗೆ ಅವುಗಳಲ್ಲಿ ಎರಡು ದೋಷಗಳು ಮತ್ತೆ ಮತ್ತೆ ಕಾಣುತ್ತವೆ. ದೂರು ಕ್ರಿಯಾಪದದ ರೂಪದಲ್ಲಿ ಅಡಗಿ ಹಾಗೆಯೇ ಉಳಿದಿರುವುದು ಒಂದು; ಮೃದುವಾಗಿಸುವ ಭರದಲ್ಲಿ ಹಂತಗಳ ಖಚಿತತೆ ಕಳೆದುಹೋಗಿರುವುದು ಇನ್ನೊಂದು. ಇವೆರಡನ್ನೂ ಪತ್ತೆ ಮಾಡಿ ಸರಿಪಡಿಸುವ ಕ್ರಮವನ್ನು ಒಂದೇ ಪ್ರಕರಣವನ್ನು ಹಿಡಿದು ಇಲ್ಲಿ ವಿವರಿಸುತ್ತೇನೆ.

ಬಂದ ಪತ್ರ ಮತ್ತು ಸಿದ್ಧವಾಗಿದ್ದ ಉತ್ತರ

ಬಳಕೆದಾರರ ಪತ್ರದ ಸಾರ ಇಷ್ಟು. ವೈಫೈ ಮೂಲಕ ಜೋಡಿಸಿದ ಪ್ರಿಂಟರ್ ಹಿಂದಿನ ವಾರದವರೆಗೂ ಚೆನ್ನಾಗಿಯೇ ಮುದ್ರಿಸುತ್ತಿತ್ತು. ಸೋಮವಾರದಿಂದ ವಿಂಡೋಸ್ ಕಂಪ್ಯೂಟರಿನಲ್ಲಿ ಅದರ ಹೆಸರಿನ ಮುಂದೆ Offline ಎಂದು ಬರುತ್ತಿದೆ, ಆದರೆ ಪ್ರಿಂಟರಿನ ಸ್ವಂತ ಫಲಕದಲ್ಲಿ ‘ಸಿದ್ಧ’ ಎಂದೇ ಇದೆ. ಎರಡನ್ನೂ ಆಫ್ ಮಾಡಿ ಆನ್ ಮಾಡಿದ್ದಾಯಿತು. ಅಳವಡಿಸಿದಾಗ ಬರೆದಿಟ್ಟುಕೊಂಡಿದ್ದ ಐಪಿ ವಿಳಾಸದಲ್ಲಿ ಸಾಧನ ಸ್ಪಂದಿಸುತ್ತದೆಯೇ ಎಂದು ಪಿಂಗ್ ಆದೇಶದಿಂದ ನೋಡಿದರೆ ಉತ್ತರವೂ ಬರುತ್ತಿದೆ:

```
ping 192.168.1.23
```

ತಾವು ಯಾವ ಸೆಟ್ಟಿಂಗನ್ನೂ ಬದಲಾಯಿಸಿಲ್ಲ ಎಂದೂ ಅವರು ಬರೆದಿದ್ದರು. ಇದಕ್ಕೆ ನಮ್ಮ ತಂಡದಲ್ಲಿ ಸಿದ್ಧವಾದ ಉತ್ತರ ಹೀಗಿತ್ತು:

> ನೀವು ರೂಟರ್ ಸೆಟ್ಟಿಂಗ್ ಬದಲಾಯಿಸಿಬಿಟ್ಟಿದ್ದೀರಿ, ಆದ್ದರಿಂದ ಪ್ರಿಂಟರಿನ ವಿಳಾಸ ತಪ್ಪಿಹೋಗಿದೆ. ಕೈಪಿಡಿಯಲ್ಲಿ ಸ್ಪಷ್ಟವಾಗಿಯೇ ತಿಳಿಸಿರುವಂತೆ ಅಳವಡಿಸುವಾಗಲೇ ಸ್ಥಿರ ವಿಳಾಸ ಕೊಟ್ಟಿದ್ದರೆ ಈ ಸಮಸ್ಯೆ ಬರುತ್ತಲೇ ಇರಲಿಲ್ಲ. ಪ್ರಿಂಟರಿನಿಂದ ನೆಟ್‌ವರ್ಕ್ ವಿವರದ ಪುಟ ಮುದ್ರಿಸಿ, ಅದರಲ್ಲಿರುವ ವಿಳಾಸ ನೋಡಿಕೊಳ್ಳಿ. ನಂತರ ಕಂಪ್ಯೂಟರಿನಲ್ಲಿ Printer properties ತೆರೆದು, Ports ಟ್ಯಾಬಿನಲ್ಲಿ Configure Port ಒತ್ತಿ, ಸರಿಯಾದ ವಿಳಾಸ ಹಾಕಿ. ಸರಿಯಾಗಿ ಮಾಡಿದರೆ ಕೆಲಸ ಮಾಡುತ್ತದೆ. ಇನ್ನು ಮುಂದೆ ತಿಳಿಯದೆ ಸೆಟ್ಟಿಂಗ್ ಮುಟ್ಟಬೇಡಿ.

ನಡುವಿನ ಎರಡು ವಾಕ್ಯಗಳಲ್ಲಿರುವ ಹಂತಗಳು ಸರಿಯಾಗಿಯೇ ಇವೆ ಎಂಬುದನ್ನು ಮೊದಲು ಗಮನಿಸಬೇಕು. ಉತ್ತರ ಬರೆದವರಿಗೆ ವಿಷಯ ಗೊತ್ತಿತ್ತು, ಅವರ ಊಹೆಯೂ ಬಹುಪಾಲು ಸರಿಯಾಗಿತ್ತು. ಹಾಗಾಗಿ ತಿದ್ದುವವರು ಮುಟ್ಟಬೇಕಾದದ್ದು ಯಾವುದು, ಮುಟ್ಟಬಾರದ್ದು ಯಾವುದು ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ.

ದೂರಿನೊಳಗೆ ಅಡಗಿರುವ ಹೇಳಿಕೆ

ದೂರುವ ಪ್ರತಿಯೊಂದು ವಾಕ್ಯದ ಒಳಗೂ ದೋಷದ ಕಾರಣವನ್ನು ಕುರಿತ ಒಂದು ಹೇಳಿಕೆ ಇರುತ್ತದೆ, ಮತ್ತು ಆ ಹೇಳಿಕೆಯನ್ನು ಹೆಚ್ಚಿನ ಸಲ ಯಾರೂ ಪರೀಕ್ಷಿಸಿರುವುದಿಲ್ಲ. ವಾಕ್ಯವನ್ನು ಮೃದುಗೊಳಿಸುವ ಮೊದಲು ಆ ಹೇಳಿಕೆಯನ್ನು ಹೊರಗೆ ತೆಗೆದು, ಅದಕ್ಕೆ ಆಧಾರವಿದೆಯೇ ಎಂದು ನೋಡಬೇಕು. ಆಧಾರವಿಲ್ಲದಿದ್ದರೆ ಅದನ್ನು ಎಷ್ಟು ಸೌಜನ್ಯದಿಂದ ಹೇಳಿದರೂ ಅದು ತಪ್ಪೇ.

‘ನೀವು ರೂಟರ್ ಸೆಟ್ಟಿಂಗ್ ಬದಲಾಯಿಸಿಬಿಟ್ಟಿದ್ದೀರಿ’ ಎಂಬುದನ್ನೇ ತೆಗೆದುಕೊಳ್ಳೋಣ. ಬಳಕೆದಾರರು ಏನನ್ನೂ ಬದಲಾಯಿಸಿಲ್ಲ ಎಂದಿದ್ದಾರೆ. ಅವರ ಮಾತನ್ನು ನಂಬದಿರಲು ತಾಂತ್ರಿಕ ಕಾರಣವಿದೆಯೇ? ಇಲ್ಲ. ರೂಟರ್ ತನ್ನ ಜಾಲದ ಸಾಧನಗಳಿಗೆ ಡಿಎಚ್‌ಸಿಪಿ ಎಂಬ ವ್ಯವಸ್ಥೆಯ ಮೂಲಕ ಐಪಿ ವಿಳಾಸಗಳನ್ನು ನಿಗದಿತ ಅವಧಿಗೆ ಮಾತ್ರ ಹಂಚುತ್ತದೆ. ಆ ಅವಧಿಯ ಅರ್ಧ ಕಳೆದಾಗ ಸಾಧನವು ಅದೇ ವಿಳಾಸವನ್ನು ಮುಂದುವರಿಸಲು ಕೇಳಿಕೊಳ್ಳುತ್ತದೆ, ಸಾಮಾನ್ಯವಾಗಿ ಸಿಗುತ್ತದೆ. ಆದರೆ ಪ್ರಿಂಟರ್ ಅವಧಿ ಮುಗಿಯುವಷ್ಟು ಕಾಲ ಆಫ್ ಆಗಿದ್ದರೆ, ಅಥವಾ ರೂಟರ್ ಮರುಚಾಲನೆಗೊಂಡು ಹಂಚಿಕೆಯ ಪಟ್ಟಿಯನ್ನು ಕಳೆದುಕೊಂಡರೆ, ಹಳೆಯ ವಿಳಾಸ ಬೇರೊಂದು ಸಾಧನಕ್ಕೆ ಹೋಗಿ ಪ್ರಿಂಟರಿಗೆ ಹೊಸದು ಸಿಗಬಹುದು. ಕಂಪ್ಯೂಟರ್ ಮಾತ್ರ ಹಳೆಯ ವಿಳಾಸದಲ್ಲೇ ಪ್ರಿಂಟರನ್ನು ಹುಡುಕುತ್ತಿರುತ್ತದೆ. ಯಾರ ಕೈಯೂ ತಾಕದೆ ಆಗಬಹುದಾದ ಈ ಸಂಗತಿಯನ್ನು ಉತ್ತರವು ಬಳಕೆದಾರರ ಕೃತ್ಯವೆಂದು ಹೇಳಿತ್ತು.

ಇನ್ನೂ ಗಂಭೀರವಾದ ಲೋಪವೊಂದು ಇದೇ ವಾಕ್ಯದ ಮರೆಯಲ್ಲಿದೆ. ವಿಳಾಸ ಬದಲಾಗಿದ್ದರೆ ಹಳೆಯ ವಿಳಾಸಕ್ಕೆ ಮಾಡಿದ ಪಿಂಗ್‌ಗೆ ಉತ್ತರ ಬರುತ್ತಿರುವುದೇಕೆ? ಬಳಕೆದಾರರು ಕಷ್ಟಪಟ್ಟು ಒದಗಿಸಿದ ಈ ಸುಳಿವಿಗೆ ಉತ್ತರದಲ್ಲಿ ಒಂದು ಅಕ್ಷರದ ಸ್ಪಂದನೆಯೂ ಇಲ್ಲ. ತಪ್ಪು ಯಾರದೆಂದು ತೀರ್ಮಾನವಾದ ಮೇಲೆ ಹೊಂದಿಕೆಯಾಗದ ಸುಳಿವುಗಳನ್ನು ವಿವರಿಸುವ ಅಗತ್ಯವೇ ಬರೆಯುವವರಿಗೆ ಕಾಣುವುದಿಲ್ಲ. ದೂರುವ ದನಿಯನ್ನು ನಾನು ಸೌಜನ್ಯದ ಕೊರತೆಗಿಂತ ಹೆಚ್ಚಾಗಿ ಅಪೂರ್ಣ ಪರೀಕ್ಷೆಯ ಲಕ್ಷಣವೆಂದು ನೋಡುವುದು ಇದೇ ಕಾರಣಕ್ಕೆ.

‘ಸ್ಥಿರ ವಿಳಾಸ ಕೊಟ್ಟಿದ್ದರೆ’ ಎಂಬ ಮಾತೂ ಅರ್ಧ ಸತ್ಯ. ರೂಟರ್ ತಾನಾಗಿ ಹಂಚುವ ವಿಳಾಸಗಳ ವ್ಯಾಪ್ತಿಯೊಳಗಿನದೇ ಒಂದನ್ನು ಪ್ರಿಂಟರಿನಲ್ಲಿ ಕೈಯಾರೆ ನಮೂದಿಸಿದರೆ, ರೂಟರ್ ಅದನ್ನು ಇನ್ನೊಂದು ಸಾಧನಕ್ಕೂ ಕೊಟ್ಟು ಎರಡರ ನಡುವೆ ಘರ್ಷಣೆ ಉಂಟಾಗಬಹುದು. ಪ್ರಿಂಟರಿನ ಜಾಲ ಯಂತ್ರಾಂಶದ ಗುರುತಾದ ಮ್ಯಾಕ್ ವಿಳಾಸಕ್ಕೆ ಒಂದು ಐಪಿ ವಿಳಾಸವನ್ನು ರೂಟರಿನಲ್ಲೇ ಕಾಯ್ದಿರಿಸುವುದು ಇದಕ್ಕಿಂತ ಭದ್ರವಾದ ದಾರಿ. ಗದರಿಕೆಯ ಜೊತೆಗೆ ಬಂದ ಸಲಹೆಯನ್ನು ಬಳಕೆದಾರರು ಹಾಗೆಯೇ ಪಾಲಿಸಿದ್ದರೆ ಮುಂದೆ ಇನ್ನೊಂದು ದೋಷಕ್ಕೆ ದಾರಿಯಾಗುತ್ತಿತ್ತು.

ಕೊನೆಯದಾಗಿ ‘ಸರಿಯಾಗಿ ಮಾಡಿದರೆ ಕೆಲಸ ಮಾಡುತ್ತದೆ’. ಹಂತಗಳು ಫಲಿಸದಿದ್ದರೆ ಅದಕ್ಕೂ ಬಳಕೆದಾರರೇ ಹೊಣೆ ಎಂದು ಮುಂಚಿತವಾಗಿ ತೀರ್ಪು ಕೊಡುವ ವಾಕ್ಯ ಇದು. ಪೋರ್ಟಿನ ಹೆಸರು WSD ಎಂದು ಆರಂಭವಾಗಿದ್ದರೆ Configure Port ಮೂಲಕ ಐಪಿ ವಿಳಾಸ ತಿದ್ದಲು ಬರುವುದಿಲ್ಲ, ಹೊಸದಾಗಿ Standard TCP/IP Port ಸೇರಿಸಬೇಕಾಗುತ್ತದೆ. ಕಂಪ್ಯೂಟರಿನಲ್ಲಿ ಆಡಳಿತದ ಅನುಮತಿ ಇಲ್ಲದವರಿಗೆ ಪೋರ್ಟನ್ನು ಬದಲಾಯಿಸಲು ಅವಕಾಶವೇ ಇರುವುದಿಲ್ಲ. ಈ ಎರಡೂ ಸಂದರ್ಭಗಳಲ್ಲಿ ಬಳಕೆದಾರರು ಎಲ್ಲವನ್ನೂ ಸರಿಯಾಗಿಯೇ ಮಾಡಿಯೂ ಸೋಲುತ್ತಾರೆ, ಆಮೇಲೆ ಮತ್ತೆ ಬರೆಯಲು ಹಿಂಜರಿಯುತ್ತಾರೆ.

ಕ್ರಿಯಾಪದದಲ್ಲಿ ಉಳಿಯುವ ಆರೋಪ

ಕನ್ನಡದಲ್ಲಿ ಆರೋಪಕ್ಕೆ ಕಟುವಾದ ಪದಗಳೇ ಬೇಕೆಂದಿಲ್ಲ. ‘ಬದಲಾಯಿಸಿದ್ದೀರಿ’ ಎಂಬುದು ಒಂದು ಸಂಗತಿಯನ್ನು ಹೇಳಿದರೆ, ‘ಬದಲಾಯಿಸಿಬಿಟ್ಟಿದ್ದೀರಿ’ ಎಂಬುದರಲ್ಲಿ ಆಗಬಾರದ್ದು ಆಯಿತೆಂಬ ಭಾವ ‘ಬಿಡು’ ಧಾತುವಿನ ಜೊತೆ ಬಂದು ಸೇರುತ್ತದೆ. ‘ಹಾಳು ಮಾಡಿಕೊಂಡಿದ್ದೀರಿ’ ಎನ್ನುವಾಗ ‘ಕೊಳ್ಳು’ ಧಾತು ಕೈಯಾರೆ ತಂದುಕೊಂಡ ಕಷ್ಟವೆಂದು ಸೂಚಿಸುತ್ತದೆ. ‘ಓದದೆ’, ‘ನೋಡದೆ’, ‘ತಿಳಿಯದೆ’ ಎಂಬ ನಿಷೇಧ ರೂಪಗಳು ನಾವು ಕಣ್ಣಾರೆ ಕಾಣದ ಅಲಕ್ಷ್ಯವೊಂದನ್ನು ಬಳಕೆದಾರರ ತಲೆಗೆ ಕಟ್ಟುತ್ತವೆ. ‘ಸ್ಪಷ್ಟವಾಗಿಯೇ’, ‘ಮೊದಲೇ’, ‘ಬರುತ್ತಲೇ’ ಎಂಬಲ್ಲಿನ ಏಕಾರವನ್ನು ಕಳೆದರೆ ವಾಕ್ಯದ ಅರ್ಥ ಅಷ್ಟೇ ಉಳಿದು ಬೈಗುಳದ ಮೊನೆ ಮಾತ್ರ ಹೋಗುತ್ತದೆ. ‘ಮಾಡಿದ್ದರೆ ಆಗುತ್ತಿರಲಿಲ್ಲ’ ಎಂಬ ರಚನೆಯಂತೂ ಈಗ ಯಾರೂ ಹಿಂದಿರುಗಿ ಮಾಡಲಾಗದ ಕೆಲಸದ ಬಗ್ಗೆ ಮಾತಾಡುವುದರಿಂದ ದೋಷ ನಿವಾರಣೆಗೆ ಅದರಿಂದ ಏನೂ ಸಿಗುವುದಿಲ್ಲ.

ಇವುಗಳಿಗೆ ಪರಿಹಾರವೂ ಭಾಷೆಯಲ್ಲೇ ಇದೆ. ಬದಲಾಯಿಸು–ಬದಲಾಗು, ಅಳಿಸು–ಅಳಿಸಿಹೋಗು, ಕಡಿದುಹಾಕು–ಕಡಿದುಹೋಗು ಎಂಬ ಜೋಡಿಗಳಲ್ಲಿ ಎರಡನೆಯದು ಯಾರನ್ನೂ ಹೆಸರಿಸದೆ ಸ್ಥಿತಿಯನ್ನು ಹೇಳುತ್ತದೆ. ‘ಪ್ರಿಂಟರಿನ ವಿಳಾಸ ಬದಲಾಗಿರುವ ಸಾಧ್ಯತೆ ಇದೆ’ ಎಂದರೆ ನಮಗೆ ಗೊತ್ತಿರುವುದಷ್ಟನ್ನೇ ಹೇಳಿದಂತಾಯಿತು. ಆದರೆ ಇದನ್ನು ಆಗಿಹೋದ ಸಂಗತಿಗಳಿಗೆ ಮಾತ್ರ ಬಳಸಬೇಕು. ಮುಂದೆ ಮಾಡಬೇಕಾದ ಹಂತವನ್ನೂ ಹೀಗೆಯೇ ಬರೆದು ‘ಪೋರ್ಟಿನಲ್ಲಿ ವಿಳಾಸ ಬದಲಾಗಬೇಕು’ ಎಂದರೆ, ಅದು ತಾನಾಗಿ ಆಗುತ್ತದೆಯೋ, ಸಹಾಯ ತಂಡ ದೂರದಿಂದ ಮಾಡುತ್ತದೆಯೋ, ತಾವೇ ಮಾಡಬೇಕೋ ಎಂದು ಓದುವವರಿಗೆ ತಿಳಿಯುವುದಿಲ್ಲ. ಹಂತಗಳಲ್ಲಿ ‘ಒತ್ತಿ’, ‘ಹೋಲಿಸಿ’, ‘ಬರೆದುಕೊಳ್ಳಿ’ ಎಂಬ ನೇರವಾದ ಬಹುವಚನ ರೂಪವೇ ಇರಲಿ. ಅದರಲ್ಲಿ ಅಗೌರವ ಏನೂ ಇಲ್ಲ.

ಮೃದುವಾದರೂ ಕೆಟ್ಟ ತಿದ್ದುಪಡಿ

ಮೊದಲ ಉತ್ತರವನ್ನು ತಿದ್ದಲು ಕೊಟ್ಟಾಗ ಬಂದ ಎರಡನೆಯ ಕರಡು ಇದು:

> ತಮಗಾದ ತೊಂದರೆಗೆ ವಿಷಾದಿಸುತ್ತೇವೆ. ವಿಳಾಸದಲ್ಲಿ ಏನಾದರೂ ಸಣ್ಣ ವ್ಯತ್ಯಾಸ ಆಗಿರಬಹುದು. ತಮಗೆ ಬಿಡುವಾದಾಗ Ports ಟ್ಯಾಬಿನಲ್ಲಿ ವಿಳಾಸವನ್ನು ಒಮ್ಮೆ ಪರಿಶೀಲಿಸಬಹುದು. ಬೇಕಿದ್ದರೆ ಪ್ರಿಂಟರಿನಿಂದ ವಿವರದ ಪುಟವನ್ನೂ ಮುದ್ರಿಸಿ ನೋಡಬಹುದು. ಮುಂದೆ ಸ್ಥಿರ ವಿಳಾಸ ಕೊಟ್ಟರೆ ಒಳ್ಳೆಯದು.

ಓದಲು ಹಿತವಾಗಿರುವ ಈ ಉತ್ತರದಿಂದ ಪ್ರಿಂಟರ್ ಸರಿಯಾಗುವುದಿಲ್ಲ. ವಿವರದ ಪುಟ ಮೊದಲು ಬಂದರೆ ಮಾತ್ರ ಹೋಲಿಸಲು ಒಂದು ಅಂಕಿ ಕೈಯಲ್ಲಿರುತ್ತದೆ. ಇಲ್ಲಿ ಅದು ಹಿಂದಕ್ಕೆ ಸರಿದು ‘ಬೇಕಿದ್ದರೆ’ ಎಂಬ ಐಚ್ಛಿಕ ಕೆಲಸವಾಗಿದೆ. ಪುಟವಿಲ್ಲದೆ Ports ಟ್ಯಾಬ್ ತೆರೆದವರಿಗೆ 192.168.1.23 ಕಾಣುತ್ತದೆ, ಅದು ತಾವು ಬರೆದಿಟ್ಟುಕೊಂಡ ವಿಳಾಸವೇ ಆಗಿದೆ, ಪಿಂಗ್‌ಗೂ ಉತ್ತರ ಬರುತ್ತಿದೆ. ಹಾಗಾಗಿ ಎಲ್ಲವೂ ಸರಿಯಿದೆ ಎಂದು ಅವರು ಟ್ಯಾಬನ್ನು ಮುಚ್ಚುತ್ತಾರೆ. Configure Port ಎಂಬ ಹೆಸರೂ ಕರಡಿನಿಂದ ಬಿದ್ದುಹೋಗಿದೆ. ‘ಬೇಕು’ ಇದ್ದಲ್ಲಿ ‘ಬಹುದು’ ಬಂದಾಗ ದನಿಯ ಜೊತೆ ಹಂತದ ಅರ್ಥವೂ ಬದಲಾಗುತ್ತದೆ ಎಂಬುದನ್ನು ತಿದ್ದುವವರು ನೆನಪಿಡಬೇಕು.

ಇದನ್ನು ಪತ್ತೆ ಮಾಡಲು ನಾನು ಅನುಸರಿಸುವ ವಿಧಾನ ಸರಳ. ಮೂಲ ಉತ್ತರದಲ್ಲಿರುವ ಮಾಡತಕ್ಕ ಕೆಲಸಗಳನ್ನು ಮಾತ್ರ ಒಂದು ಕಾಗದದಲ್ಲಿ ಕ್ರಮವಾಗಿ ಬರೆದುಕೊಂಡು, ಪ್ರತಿಯೊಂದರ ಮುಂದೆ ಅದು ಕಡ್ಡಾಯವೇ, ಯಾವುದಾದರೂ ಷರತ್ತಿಗೆ ಒಳಪಟ್ಟಿದೆಯೇ, ಪರದೆಯ ಮೇಲೆ ಓದುವ ಹೆಸರು ಯಾವುದು ಎಂದು ಗುರುತು ಹಾಕುತ್ತೇನೆ. ತಿದ್ದಿದ ಕರಡಿನಿಂದಲೂ ಅಂಥದೇ ಪಟ್ಟಿ ತೆಗೆದು ಪಕ್ಕದಲ್ಲಿಡುತ್ತೇನೆ. ಕ್ರಮ ಬದಲಾಗಿದ್ದರೆ, ಕಡ್ಡಾಯ ಐಚ್ಛಿಕವಾಗಿದ್ದರೆ, ಹೆಸರು ಕಾಣೆಯಾಗಿದ್ದರೆ, ಆ ಬದಲಾವಣೆಗೆ ತಾಂತ್ರಿಕ ಕಾರಣ ಇರಲೇಬೇಕು. ದನಿಯ ಕಾರಣಕ್ಕೆ ಇವುಗಳಲ್ಲಿ ಯಾವುದನ್ನೂ ಮುಟ್ಟುವಂತಿಲ್ಲ.

ಕಳಿಸಿದ ಉತ್ತರ

ಹಂತಗಳನ್ನು ಉಳಿಸಿಕೊಂಡು, ಬಿಟ್ಟುಹೋಗಿದ್ದ ಷರತ್ತುಗಳನ್ನು ಸೇರಿಸಿ, ಕೊನೆಗೆ ಕಳಿಸಿದ ಉತ್ತರ ಇದು:

> ಪ್ರಿಂಟರಿನ ಫಲಕ ‘ಸಿದ್ಧ’ ಎಂದು ತೋರಿಸುತ್ತಿದ್ದು ಕಂಪ್ಯೂಟರ್ ಮಾತ್ರ Offline ಎನ್ನುತ್ತಿರುವುದರಿಂದ, ಕಂಪ್ಯೂಟರ್ ಅದನ್ನು ಹಳೆಯ ವಿಳಾಸದಲ್ಲಿ ಹುಡುಕುತ್ತಿರುವ ಸಾಧ್ಯತೆ ಇದೆ. ರೂಟರ್ ಆಫ್ ಆಗಿ ಮತ್ತೆ ಆನ್ ಆದಾಗ, ಯಾರೂ ಏನನ್ನೂ ಬದಲಾಯಿಸದಿದ್ದರೂ, ಪ್ರಿಂಟರಿಗೆ ಬೇರೆ ವಿಳಾಸ ಸಿಗುವುದುಂಟು. ಹಾಗಾಗಿದ್ದರೆ 192.168.1.23ರಿಂದ ನಿಮಗೆ ಬರುತ್ತಿರುವ ಪಿಂಗ್ ಉತ್ತರ ಬೇರೊಂದು ಸಾಧನದ್ದಾಗಿರುತ್ತದೆ. ಇದನ್ನು ಖಚಿತಪಡಿಸಿಕೊಳ್ಳಲು ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.
>
> 1. ಪ್ರಿಂಟರಿನ ಫಲಕದಿಂದ ನೆಟ್‌ವರ್ಕ್ ವಿವರದ ಪುಟವನ್ನು ಮುದ್ರಿಸಿ. ಅದರಲ್ಲಿರುವ ಐಪಿ ವಿಳಾಸ ಮತ್ತು ಮ್ಯಾಕ್ ವಿಳಾಸ ಎರಡನ್ನೂ ಗುರುತು ಮಾಡಿಕೊಳ್ಳಿ.
> 2. ಕಂಪ್ಯೂಟರಿನಲ್ಲಿ Printers & scanners ತೆರೆದು, ನಿಮ್ಮ ಪ್ರಿಂಟರನ್ನು ಆರಿಸಿ, Printer properties ಒಳಗಿನ Ports ಟ್ಯಾಬಿಗೆ ಹೋಗಿ. ಟಿಕ್ ಗುರುತಿರುವ ಸಾಲಿನ ಹೆಸರು WSD ಎಂದು ಆರಂಭವಾಗಿದ್ದರೆ ಇಲ್ಲಿಯೇ ನಿಲ್ಲಿಸಿ ನಮಗೆ ತಿಳಿಸಿ. ಅದಕ್ಕೆ ಬೇರೆ ಹಂತಗಳಿವೆ.
> 3. Configure Port ಒತ್ತಿ, Printer Name or IP Address ಎಂಬಲ್ಲಿರುವ ವಿಳಾಸವನ್ನು ಪುಟದ ವಿಳಾಸದೊಂದಿಗೆ ಹೋಲಿಸಿ. ಬೇರೆಯಾಗಿದ್ದರೆ ಪುಟದಲ್ಲಿರುವುದನ್ನು ಹಾಕಿ OK ಒತ್ತಿ. ಆಮೇಲೂ Port Name ಎಂಬಲ್ಲಿ ಹಳೆಯ ಅಂಕಿಯೇ ಉಳಿಯುತ್ತದೆ; ಅದು ಕೇವಲ ಹೆಸರಾದ್ದರಿಂದ ತೊಂದರೆಯಿಲ್ಲ. ಎರಡೂ ವಿಳಾಸ ಒಂದೇ ಆಗಿದ್ದರೆ ಏನನ್ನೂ ಬದಲಾಯಿಸದೆ ನಮಗೆ ತಿಳಿಸಿ.
> 4. ಸರದಿಯಲ್ಲಿ ಉಳಿದಿರುವ ಹಳೆಯ ಕಡತಗಳನ್ನು ರದ್ದು ಮಾಡಿ, ಇಲ್ಲದಿದ್ದರೆ ಅವೆಲ್ಲ ಒಟ್ಟಿಗೆ ಮುದ್ರಣವಾಗುತ್ತವೆ. ನಂತರ ಒಂದು ಪುಟವನ್ನು ಮಾತ್ರ ಮುದ್ರಿಸಿ ನೋಡಿ.
>
> ಯಾವುದಾದರೂ ಹಂತದಲ್ಲಿ ಗುಂಡಿ ಒತ್ತಲು ಬಾರದಿದ್ದರೆ, ಕಂಪ್ಯೂಟರಿನಲ್ಲಿ ಆಡಳಿತದ ಅನುಮತಿ ಬೇಕಾಗಿರಬಹುದು. ಪುಟದಲ್ಲಿರುವ ವಿಳಾಸ ಮತ್ತು ಪೋರ್ಟಿನಲ್ಲಿದ್ದ ವಿಳಾಸ, ಈ ಎರಡು ಅಂಕಿಗಳನ್ನು ಬರೆದು ಕಳಿಸಿದರೆ ಮುಂದಿನದನ್ನು ನಾವು ಖಚಿತವಾಗಿ ಹೇಳಬಹುದು.

ಇದರಲ್ಲಿ ಕ್ಷಮೆಯ ಮಾತೇ ಇಲ್ಲ ಎಂಬುದನ್ನು ನಮ್ಮ ತಂಡದ ಒಬ್ಬರು ಎತ್ತಿ ತೋರಿಸಿದರು. ನನ್ನ ಅಭಿಪ್ರಾಯದಲ್ಲಿ ಅದು ಕೊರತೆಯಲ್ಲ. ಬಳಕೆದಾರರು ಕೊಟ್ಟ ಪಿಂಗ್ ಸುಳಿವನ್ನು ಓದಿ, ಅದು ಹೇಗೆ ದಾರಿತಪ್ಪಿಸಬಲ್ಲದೆಂದು ವಿವರಿಸಿದ ಒಂದು ವಾಕ್ಯವು ಮೂರು ಸಲ ವಿಷಾದಿಸುವುದಕ್ಕಿಂತ ಹೆಚ್ಚಿನ ಗೌರವವನ್ನು ತೋರಿಸುತ್ತದೆ.

ಉತ್ತರದ ಕೊನೆಯಲ್ಲಿ ‘ಸರಿಯಾಯಿತೇ?’ ಎಂದು ಕೇಳದೆ ಎರಡು ಅಂಕಿಗಳನ್ನು ಕೇಳಿರುವುದೂ ಉದ್ದೇಶಪೂರ್ವಕ. ‘ವಿಳಾಸ ನೋಡಿದಿರಾ?’ ಎಂಬ ಪ್ರಶ್ನೆಗೆ ನೋಡದವರೂ ಹೌದೆಂದು ಬರೆಯುವುದುಂಟು, ಏಕೆಂದರೆ ಅದು ಪರೀಕ್ಷೆಗಿಂತ ವಿಚಾರಣೆಯಂತೆ ಕೇಳಿಸುತ್ತದೆ. ಅಂಕಿಯನ್ನು ಕೇಳಿದರೆ ಯಾರ ಪ್ರಾಮಾಣಿಕತೆಯನ್ನೂ ಪ್ರಶ್ನಿಸದೆ ಹಂತ ನಡೆದಿರುವುದು ತಿಳಿಯುತ್ತದೆ.

ಎರಡೂ ಅಂಕಿಗಳು ಒಂದೇ ಆಗಿದ್ದರೆ ಮುಂದಿನ ಪರೀಕ್ಷೆ ವಿಳಾಸದ ಘರ್ಷಣೆಯದು. ಮೊದಲು ಪಿಂಗ್ ಮಾಡಿ, ಕೂಡಲೇ ಯಾವ ಐಪಿ ವಿಳಾಸದಲ್ಲಿ ಯಾವ ಮ್ಯಾಕ್ ವಿಳಾಸದ ಸಾಧನವಿದೆ ಎಂದು ಪಟ್ಟಿಮಾಡುವ ಈ ಆದೇಶ ಕೊಡಬೇಕು:

```
arp -a
```

ಪಟ್ಟಿಯಲ್ಲಿ ಆ ಐಪಿ ವಿಳಾಸದ ಎದುರಿಗಿರುವ Physical Address ಪ್ರಿಂಟರಿನ ಪುಟದ ಮ್ಯಾಕ್ ವಿಳಾಸಕ್ಕಿಂತ ಬೇರೆಯಾಗಿದ್ದರೆ, ಅದೇ ವಿಳಾಸವನ್ನು ಇನ್ನೊಂದು ಸಾಧನವೂ ಬಳಸುತ್ತಿದೆ ಎಂದು ತಿಳಿಯಬೇಕು. ಒಂದು ಕಡೆ ಅಡ್ಡಗೆರೆ, ಇನ್ನೊಂದು ಕಡೆ ವಿಸರ್ಗದಂಥ ಚುಕ್ಕೆಗಳಿರಬಹುದು; ಅಕ್ಷರ ಮತ್ತು ಅಂಕಿಗಳನ್ನು ಮಾತ್ರ ಹೋಲಿಸಿದರೆ ಸಾಕು. ಮ್ಯಾಕ್ ವಿಳಾಸವೂ ಹೊಂದಿಕೊಂಡರೆ, ಪೋರ್ಟಿನ ಅದೇ ಪುಟದಲ್ಲಿರುವ SNMP Status Enabled ಗುರುತನ್ನು ತೆಗೆದು ನೋಡಬೇಕು. ಸ್ಥಿತಿ ವಿಚಾರಿಸುವ ಆ ಸಂದೇಶಕ್ಕೆ ಪ್ರಿಂಟರ್ ಉತ್ತರಿಸದಿದ್ದಾಗ, ಅದು ಮುದ್ರಿಸಬಲ್ಲ ಸ್ಥಿತಿಯಲ್ಲಿದ್ದರೂ ವಿಂಡೋಸ್ ಅದನ್ನು Offline ಎಂದು ತೋರಿಸುವುದುಂಟು.

ತಪ್ಪು ನಿಜವಾಗಿಯೂ ಬಳಕೆದಾರರಿಂದ ಆಗಿದ್ದಾಗ

ದೂರಬಾರದೆಂಬ ಕಾಳಜಿಯಿಂದ ಕಾರಣವನ್ನೇ ಮರೆಮಾಚುವುದೂ ತಪ್ಪು. ಪ್ರಿಂಟರಿನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್‌ಗಳನ್ನು ರೀಸೆಟ್ ಮಾಡಿದ ಮೇಲೆ ಅದು ವೈಫೈಗೆ ಸೇರುತ್ತಿಲ್ಲವೆಂದು ಒಬ್ಬರು ಬರೆದರೆ, ರೀಸೆಟ್ಟೇ ಕಾರಣವೆಂದು ಹೇಳದಿದ್ದರೆ ಅವರು ಮುಂದಿನ ತೊಂದರೆಗೂ ಅದೇ ಉಪಾಯವನ್ನು ಬಳಸುತ್ತಾರೆ. ಅಲ್ಲಿ ಬರೆಯಬೇಕಾದದ್ದು ಹೀಗೆ: ‘ನೆಟ್‌ವರ್ಕ್ ರೀಸೆಟ್ ಆದಾಗ ಉಳಿಸಿಟ್ಟ ವೈಫೈ ಹೆಸರು ಮತ್ತು ಪಾಸ್‌ವರ್ಡ್ ಪ್ರಿಂಟರಿನಿಂದ ಅಳಿಸಿಹೋಗುತ್ತವೆ. ಈಗ ಅವನ್ನು ಮತ್ತೆ ಕೊಡಬೇಕು. ಮುಂದೆ Offline ಎಂದು ಬಂದಾಗ ರೀಸೆಟ್ ಮಾಡುವ ಮೊದಲು ವಿವರದ ಪುಟವನ್ನು ಮುದ್ರಿಸಿ ನೋಡಿ.’ ಕ್ರಿಯೆ, ಅದರ ಪರಿಣಾಮ, ಈಗಿನ ಕೆಲಸ, ಮುಂದಿನ ಸಲದ ಕ್ರಮ ಎಲ್ಲವೂ ಇದರಲ್ಲಿವೆ. ಅವರು ಯೋಚಿಸದೆ ಮಾಡಿದರು ಎಂಬ ತೀರ್ಪು ಮಾತ್ರ ಇಲ್ಲ, ಅದನ್ನು ತಿಳಿಯಲು ನಮಗೆ ದಾರಿಯೂ ಇಲ್ಲ. ಎಚ್ಚರಿಕೆಗಳನ್ನು ಮಾತ್ರ ಎಂದಿಗೂ ಮೃದುಗೊಳಿಸಬಾರದು; ದತ್ತಾಂಶ ಅಳಿದುಹೋಗುವ ಹಂತವಿದ್ದರೆ ‘ಇದನ್ನು ಮಾಡಬೇಡಿ’ ಎಂದು ನೇರವಾಗಿ ಬರೆದು, ಏಕೆಂಬುದನ್ನು ಪಕ್ಕದಲ್ಲೇ ಹೇಳಬೇಕು.

ಬಂದ ಅಂಕಿಗಳು

ನಮ್ಮ ಪ್ರಕರಣದಲ್ಲಿ ಮರುದಿನ ಅಂಕಿಗಳು ಬಂದವು. ಪುಟದಲ್ಲಿ 192.168.1.31, ಪೋರ್ಟಿನಲ್ಲಿ 192.168.1.23. ವಿಳಾಸ ತಿದ್ದಿದ ಕೂಡಲೇ ಮುದ್ರಣ ಸರಿಯಾಗಿತ್ತು. ಅದೇ ಪತ್ರದಲ್ಲಿ, ಭಾನುವಾರ ರಾತ್ರಿ ವಿದ್ಯುತ್ ಹೋಗಿ ರೂಟರ್ ಕೆಲವು ಗಂಟೆ ಆಫ್ ಆಗಿತ್ತೆಂದು ಈಗ ನೆನಪಾಯಿತು ಎಂಬ ಮಾತೂ ಇತ್ತು. ಕಾರಣ ಗೊತ್ತಾದ ಮೇಲೆ ಅವರೇ ಆ ಮಾಹಿತಿಯನ್ನು ಹುಡುಕಿ ಕೊಟ್ಟಿದ್ದರು. ವಿಳಾಸ ಕಾಯ್ದಿರಿಸುವ ವಿಧಾನವನ್ನು ನಾವು ಆಗ ಬರೆದು ಕಳಿಸಿದೆವು: ರೂಟರಿನ ಆಡಳಿತ ಪುಟದಲ್ಲಿ ಪ್ರಿಂಟರಿನ ಮ್ಯಾಕ್ ವಿಳಾಸಕ್ಕೆ 192.168.1.31ನ್ನು ಕಾಯ್ದಿರಿಸಬೇಕು, ಪ್ರಿಂಟರಿನಲ್ಲಿ ವಿಳಾಸ ಪಡೆಯುವ ವಿಧಾನವನ್ನು ಸ್ವಯಂಚಾಲಿತವಾಗಿಯೇ ಬಿಡಬೇಕು, ಪ್ರಿಂಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ ಅದೇ ವಿಳಾಸ ಬಂದಿದೆಯೇ ಎಂದು ವಿವರದ ಪುಟದಿಂದ ನೋಡಬೇಕು. ರೂಟರಿನ ಪಾಸ್‌ವರ್ಡ್ ಬೇರೆಯವರ ಬಳಿ ಇದ್ದು ಇದನ್ನು ಮಾಡಲಾಗದಿದ್ದರೆ, ಪ್ರತಿ ಸಲ Offline ಎಂದು ಬಂದಾಗ ಮೊದಲ ಮೂರು ಹಂತಗಳನ್ನು ಮತ್ತೆ ಮಾಡಬೇಕಾಗುತ್ತದೆ ಎಂಬುದನ್ನೂ ಮುಚ್ಚಿಡದೆ ತಿಳಿಸಿದೆವು.